ಗರ್ಭಿಣಿಯ ವಾರದ ಪಟ್ಟಿ: ಗೋಡೆಯ ಹಾಳೆಯೋ, ಫೋನೋ, ಆ್ಯಪೋ?

ತಪಾಸಣೆ, ಸ್ಕ್ಯಾನ್, ಮಾತ್ರೆ ಎಲ್ಲವನ್ನೂ ಒಂದೇ ಕಡೆ ಬರೆದಿಡೋಣ ಎಂದು ಹೊರಟವರು ಮೊದಲು ಹುಡುಕುವುದು ಒಳ್ಳೆಯ ಆ್ಯಪನ್ನು. ನನ್ನ ಮಟ್ಟಿಗೆ ಅದು ಎರಡನೆಯ ಪ್ರಶ್ನೆ. ಪಟ್ಟಿಯೊಳಗೆ ಏನೇನು ಬರುತ್ತದೆ, ಅದು ಯಾವ ಲೆಕ್ಕಕ್ಕೆ ಕಟ್ಟುಬಿದ್ದಿದೆ ಎಂಬುದು ಮೊದಲನೆಯದು. ಅಷ್ಟು ತಿಳಿದರೆ ಯಾವ ಸಾಧನ ಬೇಕು ಎನ್ನುವುದು ಹೆಚ್ಚೂಕಡಿಮೆ ತಾನಾಗಿಯೇ ಹೊಳೆಯುತ್ತದೆ.

ಬಸುರಿಯ ಪಟ್ಟಿಯಲ್ಲಿ ಮೂರು ಬಗೆಯ ವಿಷಯಗಳಿರುತ್ತವೆ. ಒಂದು, ಗರ್ಭದ ವಾರಕ್ಕೆ ಕಟ್ಟುಬಿದ್ದವು: ಮಗುವಿನ ಕುತ್ತಿಗೆಯ ಹಿಂಭಾಗದ ದ್ರವ ಅಳೆಯುವ ಸ್ಕ್ಯಾನ್ 11 ವಾರದಿಂದ 13 ವಾರ 6 ದಿನದೊಳಗೆ ಆಗಬೇಕು, ಅಂಗಾಂಗಗಳನ್ನು ನೋಡುವ ದೊಡ್ಡ ಸ್ಕ್ಯಾನ್ ಸಾಮಾನ್ಯವಾಗಿ 18ರಿಂದ 22 ವಾರದ ನಡುವೆ, ಗ್ಲೂಕೋಸ್ ಪರೀಕ್ಷೆ 24ರಿಂದ 28ರ ನಡುವೆ. ಎರಡು, ಗಡಿಯಾರಕ್ಕೆ ಕಟ್ಟುಬಿದ್ದವು: ದಿನದ ಐರನ್, ಕ್ಯಾಲ್ಸಿಯಂ, ವೈದ್ಯರು ಬರೆದಿದ್ದರೆ ಥೈರಾಯ್ಡ್ ಮಾತ್ರೆ. ಮೂರು, ಆಸ್ಪತ್ರೆಯವರು ಕೊಟ್ಟ ದಿನಾಂಕಗಳು: ಇಂಥ ದಿನ, ಇಷ್ಟು ಗಂಟೆಗೆ ಬನ್ನಿ ಎಂದದ್ದು. ಹೆರಿಗೆಯ ಅಂದಾಜು ದಿನ ಬದಲಾದರೆ ಮೊದಲನೆಯ ಬಗೆ ಪೂರ್ತಿ ಜರುಗುತ್ತದೆ. ಎರಡನೆಯದು ಜರುಗುವುದೇ ಇಲ್ಲ. ಮೂರನೆಯದು ತಾನಾಗಿ ಜರುಗುವುದಿಲ್ಲ, ಫೋನ್ ಮಾಡಿ ಕೇಳಿ ಜರುಗಿಸಬೇಕು. ಒಂದೇ ಸಾಧನದಲ್ಲಿ ಈ ಮೂರನ್ನೂ ತುಂಬಿ ಒಂದೇ ರೀತಿ ನಡೆಸಲು ಹೋದಾಗ ಪಟ್ಟಿ ಕೆಡುತ್ತದೆ.

ಲೆಕ್ಕ ಜರುಗುವ ದಿನ

ಒಂದು ಉದಾಹರಣೆಯನ್ನು ಕೊನೆಯವರೆಗೂ ಹಿಡಿದುಕೊಳ್ಳೋಣ. ಕೊನೆಯ ಮುಟ್ಟಿನ ಮೊದಲ ದಿನ 2026ರ ಜನವರಿ 5, ಸೋಮವಾರ. ಅದಕ್ಕೆ 280 ದಿನ ಕೂಡಿಸಿದರೆ ಅಕ್ಟೋಬರ್ 12, ಅದೂ ಸೋಮವಾರವೇ. ವಾರದ ಲೆಕ್ಕ ಪ್ರತಿ ಸೋಮವಾರ ತಿರುಗುತ್ತದೆ. ಮಾರ್ಚ್ 16ಕ್ಕೆ ಸರಿಯಾಗಿ 10 ವಾರ ತುಂಬುತ್ತದೆ. ಅಂದೇ ಮೊದಲ ಸ್ಕ್ಯಾನ್. ವರದಿಯಲ್ಲಿ ಮಗುವಿನ ಉದ್ದದ ಅಳತೆ ಪ್ರಕಾರ 8 ವಾರ 6 ದಿನ ಎಂದು ಬಂತು. ವ್ಯತ್ಯಾಸ 8 ದಿನ.

ಮುಟ್ಟಿನ ಲೆಕ್ಕದಲ್ಲಿ 9 ವಾರದಿಂದ 13 ವಾರ 6 ದಿನದ ನಡುವೆ ಇರುವಾಗ ವ್ಯತ್ಯಾಸ 7 ದಿನ ಮೀರಿದರೆ ಸ್ಕ್ಯಾನಿನ ಲೆಕ್ಕವನ್ನೇ ಹಿಡಿಯಬೇಕು ಎಂಬುದು ಅಮೆರಿಕದ ಪ್ರಸೂತಿ ತಜ್ಞರ ಸಂಘದ ನಿಯಮ. ಬೇರೆ ಬೇರೆ ಕಡೆ ನಿಯಮ ಸ್ವಲ್ಪ ಬೇರೆ ಇರುತ್ತದೆ, ತೀರ್ಮಾನ ವೈದ್ಯರದು. ಇಲ್ಲಿ ಅವರು ದಿನಾಂಕ ಬದಲಿಸಿದರು ಎಂದಿಟ್ಟುಕೊಳ್ಳಿ. ಹೊಸ ಅಂದಾಜು ದಿನ ಅಕ್ಟೋಬರ್ 20, ಮಂಗಳವಾರ. ಲೆಕ್ಕದ ಮೊದಲ ದಿನ ಜನವರಿ 13 ಆಯಿತು.

ಈಗ ಪಟ್ಟಿಯಲ್ಲಿ ಏನಾಯಿತು ನೋಡಿ. ಕುತ್ತಿಗೆಯ ಸ್ಕ್ಯಾನಿನ ಅವಧಿ ಮಾರ್ಚ್ 23ರಿಂದ ಏಪ್ರಿಲ್ 12 ಎಂದಿದ್ದದ್ದು ಮಾರ್ಚ್ 31ರಿಂದ ಏಪ್ರಿಲ್ 20ಕ್ಕೆ ಹೋಯಿತು. ಹಳೆಯ ಲೆಕ್ಕ ನಂಬಿ ಮಾರ್ಚ್ 25ಕ್ಕೆ ಸಮಯ ತೆಗೆದುಕೊಂಡಿದ್ದರೆ ಅಂದು ಗರ್ಭಕ್ಕೆ 10 ವಾರ 1 ದಿನ ಮಾತ್ರ. ಅಳತೆ ತೆಗೆಯಲಾಗದೆ ಮತ್ತೆ ಬನ್ನಿ ಎಂದು ಕಳಿಸುತ್ತಾರೆ. ಇದು ಬಚಾವಾಗುವ ತಪ್ಪು. ಲೆಕ್ಕ ಇನ್ನೊಂದು ಕಡೆಗೆ ಜರುಗಿದರೆ, ಅಂದರೆ ಗರ್ಭ ನೀವು ಅಂದುಕೊಂಡದ್ದಕ್ಕಿಂತ ದೊಡ್ಡದಿದ್ದರೆ, ಅವಧಿಯೇ ದಾಟಿಹೋಗಬಹುದು. ಹಾಗಾಗಿ ಆಯ್ಕೆ ಮಾಡುವಾಗ ನಾನು ಹಾಕುವ ಮೊದಲ ಪರೀಕ್ಷೆ: ಎಂಟು ದಿನ ಜರುಗಿಸಲು ಈ ಸಾಧನದಲ್ಲಿ ಎಷ್ಟು ಹೊತ್ತು ಬೇಕು?

ಇನ್ನೂ ಒಂದು ಮಾತು. ಮೊದಲ ಸ್ಕ್ಯಾನಿನಲ್ಲಿ ನಿಂತ ದಿನಾಂಕ ನಿಂತಂತೆ. ಮುಂದೆ 20ನೇ, 30ನೇ ವಾರದ ಸ್ಕ್ಯಾನ್ ವರದಿಗಳಲ್ಲಿ ಬೇರೆ ಅಂದಾಜು ದಿನ ಅಚ್ಚಾಗಿರುವುದು ಸಾಮಾನ್ಯ. ಅದು ಅಂದಿನ ಮಗುವಿನ ಗಾತ್ರದಿಂದ ಯಂತ್ರ ಹಾಕಿದ ಲೆಕ್ಕ. ಅದನ್ನು ನೋಡಿ ಪಟ್ಟಿ ತಿದ್ದಬೇಡಿ. ಮಗು ಬೆಳೆಯುವುದು ನಿಧಾನವಾಗಿದೆಯೇ ಎಂದು ತಿಳಿಯುವುದೇ ಹಳೆಯ ದಿನಾಂಕದ ಜೊತೆ ಹೋಲಿಸಿ.

ಗೋಡೆಯ ಕ್ಯಾಲೆಂಡರ್ ಮತ್ತು ಹಾಳೆ

ಎಲ್ಲರ ಕಣ್ಣಿಗೂ ಬೀಳುತ್ತದೆ, ಚಾರ್ಜ್ ಬೇಡ, ಮಾತ್ರೆ ನುಂಗಿದ್ದಕ್ಕೆ ಪೆನ್ನಲ್ಲಿ ಗುರುತು ಹಾಕಬಹುದು. ಆ ಗುರುತಿನ ಬೆಲೆ ಏನೆಂದು ಮುಂದೆ ಹೇಳುತ್ತೇನೆ. ಕೊರತೆ ಎರಡು: ಕೂಗಿ ಎಬ್ಬಿಸುವುದಿಲ್ಲ, ಮತ್ತು ಎಂಟು ದಿನದ ಪರೀಕ್ಷೆಯಲ್ಲಿ ಪೂರ್ತಿ ಫೇಲು. ಮೊದಲ ತಿಂಗಳ ಉತ್ಸಾಹದಲ್ಲಿ ನಲವತ್ತೂ ವಾರವನ್ನು ಬಣ್ಣದ ಪೆನ್ನಿನಲ್ಲಿ ಬರೆದವರು ಸ್ಕ್ಯಾನ್ ಆದ ಮೇಲೆ ಅದರ ಮೇಲೆಯೇ ಗೀಚಿ ತಿದ್ದುತ್ತಾರೆ. ಆಮೇಲೆ ಯಾವುದು ಹಳೆಯದು, ಯಾವುದು ಹೊಸದು ಎಂಬುದು ಬರೆದವರಿಗೂ ತಿಳಿಯುವುದಿಲ್ಲ.

ಕಾಗದವೇ ಇಷ್ಟ ಎನ್ನುವವರಿಗೆ ಸುಲಭದ ದಾರಿ ಇದೆ. ಮೊದಲ ಸ್ಕ್ಯಾನ್ ಆಗುವವರೆಗೆ ವಾರದ ಸಂಖ್ಯೆಗಳನ್ನು ಪೆನ್ಸಿಲಿನಲ್ಲಿ ಬರೆಯಿರಿ. ಆಸ್ಪತ್ರೆಯವರು ಕೊಟ್ಟ ದಿನಾಂಕವನ್ನು ಮಾತ್ರ ಪೆನ್ನಿನಲ್ಲಿ. ದಿನಾಂಕ ಖಚಿತವಾದ ಮೇಲೆ ವಾರ ತಿರುಗುವ ದಿನ, ನಮ್ಮ ಉದಾಹರಣೆಯಲ್ಲಿ ಮಂಗಳವಾರ, ಅದರ ಮೂಲೆಯಲ್ಲಿ ಸಣ್ಣದಾಗಿ 12, 13, 14 ಎಂದು ಬರೆಯುತ್ತ ಹೋಗಿ.

ಇಲ್ಲಿ ಬರೆಯಬೇಕಾದದ್ದು ತುಂಬಿದ ವಾರ. 10 ವಾರ ತುಂಬಿ ಒಂದು ದಿನ ಕಳೆದವರು ನಡೆಯುತ್ತಿರುವ 11ನೇ ವಾರದಲ್ಲಿದ್ದಾರೆ. ಕೆಲವು ಆ್ಯಪ್‌ಗಳು 11ನೇ ವಾರ ಎಂದು ತೋರಿಸಿದರೆ ವರದಿ 10+1 ಎನ್ನುತ್ತದೆ. ಎರಡೂ ಸರಿ, ಆದರೆ ಸ್ಕ್ಯಾನಿನ ಅವಧಿಗಳೆಲ್ಲ ತುಂಬಿದ ವಾರದ ಲೆಕ್ಕದಲ್ಲಿರುವುದರಿಂದ ಪಟ್ಟಿಯಲ್ಲಿಯೂ 10+1 ಎಂದೇ ಇರಲಿ.

ಫೋನಿನ ಕ್ಯಾಲೆಂಡರ್

ಆಸ್ಪತ್ರೆಯ ದಿನಾಂಕಗಳಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಜೊತೆಗೆ ಬರುವವರ ಫೋನಿಗೂ ಹಂಚಬಹುದು, ಒಂದೇ ವಿಷಯಕ್ಕೆ ಎರಡು ಸಲ ನೆನಪಿಸು ಎನ್ನಬಹುದು. ಎರಡು ಸಲ ಯಾಕೆ ಬೇಕು ಎಂಬುದಕ್ಕೆ ಗ್ಲೂಕೋಸ್ ಪರೀಕ್ಷೆಯೇ ಸಾಕ್ಷಿ. ಖಾಲಿ ಹೊಟ್ಟೆಯಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆಯಾದರೆ ಹಿಂದಿನ ರಾತ್ರಿಯಿಂದ ಕನಿಷ್ಠ 8 ಗಂಟೆ ಏನೂ ತಿಂದಿರಬಾರದು. ಬೆಳಗ್ಗೆ ತಿಂಡಿ ತಿಂದ ಮೇಲೆ ಫೋನ್ ಕೂಗಿದರೆ ಅಂದಿನ ದಿನ ದಂಡ. ಆದ್ದರಿಂದ ಒಂದು ನೆನಪು ಹಿಂದಿನ ದಿನ ಸಂಜೆ ಏಳಕ್ಕೆ, ಇನ್ನೊಂದು ಹೊರಡುವ ಹೊತ್ತಿಗೆ. ಶೀರ್ಷಿಕೆಯಲ್ಲಿಯೇ “ರಾತ್ರಿ ಊಟದ ನಂತರ ಏನೂ ತಿನ್ನಬೇಡ, ಹಳೆಯ ವರದಿ ತಗೋ” ಎಂದು ಬರೆಯಿರಿ. ಬರೀ “ಆಸ್ಪತ್ರೆ” ಎಂದು ಬರೆದದ್ದು ದಿನವನ್ನು ನೆನಪಿಸುತ್ತದೆಯೇ ಹೊರತು ಕೆಲಸವನ್ನಲ್ಲ.

ವಾರದ ಲೆಕ್ಕಕ್ಕೆ ಮಾತ್ರ ಫೋನ್ ಕ್ಯಾಲೆಂಡರ್ ಒಗ್ಗುವುದಿಲ್ಲ. ಪ್ರತಿ ವಾರ ಮರುಕಳಿಸುವ ನೆನಪು ಹಾಕಿದರೆ ಎಲ್ಲ ವಾರಕ್ಕೂ ಒಂದೇ ಶೀರ್ಷಿಕೆ, ಸಂಖ್ಯೆ ಏರುವುದಿಲ್ಲ. ಸಂಖ್ಯೆ ಬೇಕೆಂದು ನಲವತ್ತು ಬೇರೆ ಬೇರೆ ನಮೂದು ಮಾಡಿದರೆ ಜರುಗಿಸುವಾಗ ನಲವತ್ತನ್ನೂ ಕೈಯಲ್ಲೇ ತಿದ್ದಬೇಕು.

ಸ್ಪ್ರೆಡ್‌ಶೀಟ್

ಎಂಟು ದಿನದ ಪರೀಕ್ಷೆಯಲ್ಲಿ ಗೆಲ್ಲುವುದು ಇದು. ಒಂದೇ ಚೌಕದಲ್ಲಿ ಲೆಕ್ಕದ ಮೊದಲ ದಿನವನ್ನು ಇಟ್ಟು ಉಳಿದೆಲ್ಲ ದಿನಾಂಕವನ್ನೂ ಅದರಿಂದ ಹುಟ್ಟಿಸಿದರೆ, ಆ ಒಂದು ಚೌಕ ತಿದ್ದಿದಾಗ ಇಡೀ ಹಾಳೆ ಜರುಗುತ್ತದೆ. ಮೊದಲ ದಿನ B1ನಲ್ಲಿದೆ ಎಂದುಕೊಳ್ಳಿ. ಕ್ರಮವಾಗಿ ಹೆರಿಗೆಯ ಅಂದಾಜು ದಿನ, ಕುತ್ತಿಗೆಯ ಸ್ಕ್ಯಾನಿನ ಅವಧಿಯ ಮೊದಲ ಮತ್ತು ಕೊನೆಯ ದಿನ, ಇಂದಿಗೆ ತುಂಬಿದ ವಾರ ಮತ್ತು ದಿನ:

```
=B1+280
=B1+7*11
=B1+7*14-1
=INT((TODAY()-B1)/7)&"+"&MOD(TODAY()-B1,7)
```

ಸ್ಕ್ಯಾನಿನ ನಂತರ B1ಗೆ ಹೊಸ ದಿನ ಬೇಕು. ಸ್ಕ್ಯಾನ್ ಆದ ದಿನದಿಂದ ವರದಿಯ ವಾರ ಮತ್ತು ದಿನಗಳನ್ನು ಕಳೆದರೆ ಆಯಿತು:

```
=DATE(2026,3,16)-(8*7+6)
```

ಇದು ಜನವರಿ 13 ಕೊಡುತ್ತದೆ. ಚೌಕದಲ್ಲಿ ದಿನಾಂಕದ ಬದಲು ನಲವತ್ತಾರು ಸಾವಿರ ಚಿಲ್ಲರೆ ಎಂಬಂಥ ಸಂಖ್ಯೆ ಕಂಡರೆ ಗಾಬರಿ ಬೇಡ, ಆ ಚೌಕದ ನಮೂನೆಯನ್ನು ದಿನಾಂಕ ಎಂದು ಬದಲಿಸಿ. ತಿಂಗಳು ಮುಂದೋ ದಿನ ಮುಂದೋ ಎಂಬ ಗೊಂದಲ ನಿಜಕ್ಕೂ ತೊಂದರೆ ಕೊಡುತ್ತದೆ: 5/1 ಎಂದು ಹೊಡೆದದ್ದು ಜನವರಿ 5ರ ಬದಲು ಮೇ 1 ಆಗಿ ಕೂತಿರಬಹುದು. ಅಂದಾಜು ದಿನ ವರದಿಯ ದಿನಕ್ಕೆ ತಾಳೆಯಾಗುತ್ತದೆಯೇ ಎಂದು ನೋಡಿಕೊಂಡರೆ ಇದು ತಕ್ಷಣ ಸಿಕ್ಕಿಬೀಳುತ್ತದೆ.

ಸ್ಪ್ರೆಡ್‌ಶೀಟ್ ಕೂಗುವುದಿಲ್ಲ, ಮತ್ತು ಫೋನಿನಲ್ಲಿ ದಿನಾ ತೆರೆದು ನೋಡುವ ವಸ್ತುವೂ ಅಲ್ಲ. ಲೆಕ್ಕಕ್ಕೆ ಮಾತ್ರ ಬಳಸಿ, ಅಚ್ಚು ಹಾಕಿ ಗೋಡೆಗೆ ಅಂಟಿಸಿ.

ಗರ್ಭಿಣಿಯರ ಆ್ಯಪ್

ದಿನಾಂಕ ತಿದ್ದಿದರೆ ವಾರ ಜರುಗುತ್ತದೆ, ಚೆನ್ನಾಗಿ ಕಾಣುತ್ತದೆ. ನನ್ನ ಅಳುಕು ಅದರೊಳಗೆ ಮೊದಲೇ ತುಂಬಿಟ್ಟ ತಪಾಸಣೆಯ ಪಟ್ಟಿಯ ಬಗ್ಗೆ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಸೂಚಿಸಿದ ಕ್ರಮದಲ್ಲಿ ಒಟ್ಟು 8 ಭೇಟಿ: 12 ವಾರದೊಳಗೆ ಒಂದು, ಆಮೇಲೆ 20, 26, 30, 34, 36, 38, 40ನೇ ವಾರಗಳಲ್ಲಿ. ಹಳೆಯ ರೂಢಿಯಲ್ಲಿ 28 ವಾರದವರೆಗೆ ತಿಂಗಳಿಗೊಮ್ಮೆ, 36ರವರೆಗೆ ಎರಡು ವಾರಕ್ಕೊಮ್ಮೆ, ಆಮೇಲೆ ವಾರವಾರ. ನಿಮ್ಮ ವೈದ್ಯರು ಯಾವುದನ್ನು ಹಿಡಿದಿದ್ದಾರೆ, ನಿಮ್ಮ ಬಿ.ಪಿ. ನೋಡಿ ಅದರಲ್ಲಿ ಏನು ಬದಲಿಸಿದ್ದಾರೆ ಎಂಬುದು ಆ್ಯಪಿಗೆ ಗೊತ್ತಿರುವುದಿಲ್ಲ. ಅದು “ಈ ವಾರ ತಪಾಸಣೆ” ಎಂದು ಕೂಗುತ್ತದೆ, ನಿಮಗೆ ಸಮಯ ಕೊಟ್ಟಿರುವುದು ಮುಂದಿನ ವಾರ. ಹೀಗೆ ಒಂದೆರಡು ಸಲ ಸುಳ್ಳಾದ ಮೇಲೆ ಅದು ನಿಜ ಹೇಳಿದಾಗಲೂ ಕೈ ತಾನಾಗಿ ತಳ್ಳಿಹಾಕುತ್ತದೆ. ಬಳಸುವುದಾದರೆ ಅದರ ಸ್ವಂತ ನೆನಪುಗಳನ್ನೆಲ್ಲ ಆಫ್ ಮಾಡಿ, ವಾರ ತೋರಿಸಲು ಮಾತ್ರ ಇಟ್ಟುಕೊಳ್ಳಿ. ಮುಟ್ಟಿನ ದಿನಾಂಕ, ತೂಕ, ಔಷಧಿ ಎಲ್ಲವನ್ನೂ ಅಪರಿಚಿತ ಕಂಪನಿಗೆ ಕೊಡುತ್ತಿದ್ದೀರಿ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಮಾತ್ರೆಯ ವಿಷಯ ಬೇರೆ

ದಿನದ ಮಾತ್ರೆಗೆ ಕ್ಯಾಲೆಂಡರೂ ಬೇಡ, ಆ್ಯಪೂ ಬೇಡ, ಫೋನಿನ ಅಲಾರಂ ಸಾಕು. ಆದರೆ ಅಲಾರಂ ಎಷ್ಟು ಗಂಟೆಗೆ ಎಂಬುದನ್ನು ಮಾತ್ರೆಗಳೇ ನಿರ್ಧರಿಸಬೇಕು. ಕ್ಯಾಲ್ಸಿಯಂ ಐರನ್ನನ್ನು ಮೈಗೆ ಹತ್ತಗೊಡುವುದಿಲ್ಲ, ಅದಕ್ಕೇ ಎರಡರ ನಡುವೆ ಕೆಲವು ಗಂಟೆ ಅಂತರ ಇರಬೇಕು ಎನ್ನುವುದು. ಚಹಾ, ಕಾಫಿ, ಹಾಲು ಕೂಡ ಐರನ್ ಹೀರಿಕೆಗೆ ಅಡ್ಡ. ಕ್ಯಾಲ್ಸಿಯಂ ಒಂದು ಸಲಕ್ಕೆ 500 ಮಿಲಿಗ್ರಾಂವರೆಗೆ ಚೆನ್ನಾಗಿ ಹತ್ತುತ್ತದೆ, ಹೆಚ್ಚು ಬರೆದಿದ್ದರೆ ಬಿಡಿಸಿ ಊಟದ ಜೊತೆ ತೆಗೆದುಕೊಳ್ಳುತ್ತಾರೆ. ಥೈರಾಯ್ಡ್ ಮಾತ್ರೆಯಾದ ಲೆವೊಥೈರಾಕ್ಸಿನ್ ಇದ್ದರೆ ಐರನ್, ಕ್ಯಾಲ್ಸಿಯಂ ಎರಡಕ್ಕೂ ಅದರಿಂದ 4 ಗಂಟೆ ದೂರ ಬೇಕು.

ಮೂರೂ ಇರುವವರ ದಿನವನ್ನು ಜೋಡಿಸೋಣ. ಬೆಳಗ್ಗೆ 6:30ಕ್ಕೆ ಖಾಲಿ ಹೊಟ್ಟೆಗೆ ಥೈರಾಯ್ಡ್ ಮಾತ್ರೆ. 11 ಗಂಟೆಗೆ ನೀರಿನ ಜೊತೆ ಐರನ್ ಮತ್ತು ಫೋಲಿಕ್ ಆಸಿಡ್. ಅಷ್ಟು ಹೊತ್ತಿಗೆ ತಿಂಡಿ, ಕಾಫಿ ಮುಗಿದು ಗಂಟೆ ಎರಡಾಗಿರುತ್ತದೆ. ಮಧ್ಯಾಹ್ನ 1:30ರ ಊಟದ ಜೊತೆ ಒಂದು ಕ್ಯಾಲ್ಸಿಯಂ, ರಾತ್ರಿ 8:30ರ ಊಟದ ಜೊತೆ ಇನ್ನೊಂದು. ಥೈರಾಯ್ಡ್ ಮಾತ್ರೆ ಇಲ್ಲದವರಿಗೆ ಇಷ್ಟು ಸರ್ಕಸ್ ಬೇಡ: ಕ್ಯಾಲ್ಸಿಯಂ ಬೆಳಗಿನ ಮತ್ತು ಮಧ್ಯಾಹ್ನದ ಊಟಕ್ಕೆ, ಐರನ್ ಮಲಗುವ ಮುನ್ನ. ಖಾಲಿ ಹೊಟ್ಟೆಯ ಐರನ್ನಿಂದ ವಾಕರಿಕೆ ಬಂದರೆ ಸ್ವಲ್ಪ ಏನಾದರೂ ತಿಂದು ತೆಗೆದುಕೊಳ್ಳುವುದು ಮಾತ್ರೆ ಬಿಡುವುದಕ್ಕಿಂತ ಮೇಲು. ಮಲ ಕಪ್ಪಾಗುವುದು ಐರನ್ನಿನ ಸಹಜ ಪರಿಣಾಮ. ಮಲಬದ್ಧತೆ ಜಾಸ್ತಿಯಾದರೆ ಸದ್ದಿಲ್ಲದೆ ಮಾತ್ರೆ ನಿಲ್ಲಿಸುವವರೇ ಹೆಚ್ಚು, ಅದರ ಬದಲು ವೈದ್ಯರಿಗೆ ಹೇಳಿ ಬೇರೆ ಬಗೆಯದನ್ನು ಬರೆಸಿಕೊಳ್ಳಬಹುದು.

ಪಟ್ಟಿಯಲ್ಲಿ ಮಾತ್ರೆಯ ಬ್ರಾಂಡ್ ಹೆಸರಷ್ಟೇ ಬರೆದರೆ ಸಾಲದು, ಒಳಗಿರುವ ಸತ್ವದ ಪ್ರಮಾಣವೂ ಇರಲಿ. 300 ಮಿಲಿಗ್ರಾಂ ಫೆರಸ್ ಸಲ್ಫೇಟ್ ಎಂದರೆ ಅದರಲ್ಲಿ ಶುದ್ಧ ಐರನ್ 60 ಮಿಲಿಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಹೇಳುವುದು 30ರಿಂದ 60 ಮಿಲಿಗ್ರಾಂ ಐರನ್ ಮತ್ತು 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್. ರಕ್ತಹೀನತೆ ಇದ್ದರೆ ಅಥವಾ ಹಿಂದಿನ ಮಗುವಿಗೆ ಬೆನ್ನುಹುರಿಯ ತೊಂದರೆ ಇದ್ದರೆ ವೈದ್ಯರು ಬರೆಯುವ ಪ್ರಮಾಣವೇ ಬೇರೆ. ಈ ಅಂಕಿ ಬರೆದಿಟ್ಟರೆ ಇನ್ನೊಬ್ಬ ವೈದ್ಯರು ಮಲ್ಟಿವಿಟಮಿನ್ ಬರೆದಾಗ ಅದರಲ್ಲಿಯೂ ಐರನ್ ಇದೆ, ಎರಡೆರಡಾಗುತ್ತಿದೆ ಎಂಬುದು ಕಣ್ಣಿಗೆ ಬೀಳುತ್ತದೆ.

ಅಲಾರಮ್ಮಿನ ದೊಡ್ಡ ದೋಷ ಬೇರೆಯದೇ. ಅದು ಕೂಗಿದ್ದಕ್ಕೆ ಲೆಕ್ಕವಿದೆ, ನೀವು ನುಂಗಿದ್ದಕ್ಕೆ ಇಲ್ಲ. ಆರಿಸಿದ ತಕ್ಷಣ ಕೆಲಸ ಮುಗಿಯಿತು ಎಂದು ಮನಸ್ಸು ಗಂಟು ಕಟ್ಟಿಬಿಡುತ್ತದೆ. ಅರ್ಧ ಗಂಟೆ ಬಿಟ್ಟು “ತಗೊಂಡೆನಾ?” ಎಂಬ ಅನುಮಾನ. ಇಲ್ಲಿ ಗೋಡೆಯ ಹಾಳೆಯ ಪೆನ್ ಗುರುತು ಕೆಲಸಕ್ಕೆ ಬರುತ್ತದೆ. ಏಳು ಖಾನೆಯ ಮಾತ್ರೆ ಡಬ್ಬಿ ಇನ್ನೂ ಸುಲಭ, ಖಾನೆ ಖಾಲಿ ಇದ್ದರೆ ನುಂಗಿದ್ದೀರಿ. ಆದರೆ ಮನೆಯಲ್ಲಿ ಪುಟ್ಟ ಮಗು ಇದ್ದರೆ ಆ ಡಬ್ಬಿಯನ್ನು ನಾನು ಶಿಫಾರಸು ಮಾಡುವುದಿಲ್ಲ. ಸುಲಭವಾಗಿ ತೆರೆಯುವ ಡಬ್ಬಿಯಲ್ಲಿ ಬಣ್ಣದ ಐರನ್ ಮಾತ್ರೆ ಸಣ್ಣ ಮಕ್ಕಳ ಜೀವಕ್ಕೇ ಅಪಾಯ. ಅಂಥ ಮನೆಯಲ್ಲಿ ಮಾತ್ರೆ ಎತ್ತರದ ಕಪಾಟಿನಲ್ಲಿ, ಗುರುತು ಹಾಳೆಯ ಮೇಲೆ. ಐರನ್ ಅಥವಾ ಕ್ಯಾಲ್ಸಿಯಂ ಮರೆತದ್ದು ಅದೇ ದಿನ ನೆನಪಾದರೆ ತೆಗೆದುಕೊಳ್ಳಿ, ಮರುದಿನ ನೆನಪಾದರೆ ಬಿಟ್ಟುಬಿಡಿ, ಎರಡು ಒಟ್ಟಿಗೆ ಬೇಡ.

ನಾನಾದರೆ ಹೀಗೆ

ಸ್ಪ್ರೆಡ್‌ಶೀಟಿನಲ್ಲಿ ಲೆಕ್ಕ, ಅದರ ಅಚ್ಚು ಗೋಡೆಗೆ. ಪಟ್ಟಿ ಎಂದರೆ ಆ ಒಂದು ಹಾಳೆ ಮಾತ್ರ. ಫೋನು ಅದರ ಗಂಟೆ: ಮಾತ್ರೆಗೆ ಅಲಾರಂ, ಆಸ್ಪತ್ರೆಯ ದಿನಕ್ಕೆ ಕ್ಯಾಲೆಂಡರ್. ಹಾಳೆಯಲ್ಲಿ ಇಲ್ಲದ್ದು ಫೋನಿನಲ್ಲಿ ಇರಕೂಡದು, ಇಲ್ಲದಿದ್ದರೆ ಎರಡು ಪಟ್ಟಿ ಹುಟ್ಟಿಕೊಳ್ಳುತ್ತವೆ. ಸ್ಪ್ರೆಡ್‌ಶೀಟ್ ಮುಟ್ಟದವರಿಗೆ ಪೆನ್ಸಿಲ್ ಹಾಕಿದ ಗೋಡೆ ಕ್ಯಾಲೆಂಡರ್ ಮತ್ತು ಅದೇ ಅಲಾರಂ ಸಾಕು, ಕಳೆದುಕೊಳ್ಳುವುದು ಹೆಚ್ಚಿಲ್ಲ. ಕೆಲಸದ ನಿಮಿತ್ತ ಮನೆಯಲ್ಲಿ ನಿಲ್ಲದವರಿಗೆ ಮಾತ್ರ ಹಾಳೆಯ ಫೋಟೊ ಫೋನಿನಲ್ಲಿರಲಿ.

ಆಸ್ಪತ್ರೆಯ ಭೇಟಿ ವಾರವಾರ ಆಗುವುದು ಹಳೆಯ ರೂಢಿಯಲ್ಲಿಯೂ 36ರ ನಂತರವೇ, ನಮ್ಮ ಉದಾಹರಣೆಯಲ್ಲಿ ಸೆಪ್ಟೆಂಬರ್ 22ರಿಂದ. ಅಲ್ಲಿಯವರೆಗಿನ ವಾರದ ತಪಾಸಣೆ ಮನೆಯದು, ಹತ್ತು ನಿಮಿಷದ್ದು. ಮಂಗಳವಾರ ಹಾಳೆಯ ಮುಂದೆ ನಿಂತು ಹೊಸ ವಾರಕ್ಕೆ ಗುರುತು ಹಾಕಿ. ಮುಂದಿನ ಮೂರು ವಾರದಲ್ಲಿ ಯಾವ ಅವಧಿ ತೆರೆಯುತ್ತದೆ, ಅದಕ್ಕೆ ಸಮಯ ತೆಗೆದುಕೊಂಡಾಗಿದೆಯೇ ನೋಡಿ. ಮಾತ್ರೆ ಎಷ್ಟು ಉಳಿದಿದೆ ಎಣಿಸಿ, ಹತ್ತು ದಿನಕ್ಕಿಂತ ಕಡಿಮೆ ಇದ್ದರೆ ತರಿಸಿ. ಮನೆಯಲ್ಲಿ ಬಿ.ಪಿ. ನೋಡಲು ಹೇಳಿದ್ದರೆ ಆ ಅಂಕಿ, ವೈದ್ಯರಿಗೆ ಕೇಳಬೇಕಾದದ್ದು ಒಂದು ಸಾಲು. ವಾರಕ್ಕೊಮ್ಮೆ ನುಂಗುವ ಔಷಧಿ ಏನಾದರೂ ಬರೆದಿದ್ದರೆ ಅದಕ್ಕೂ ಈ ದಿನವೇ ಅನುಕೂಲ. ಆದರೆ ವಾರ ತಿರುಗುವ ದಿನ ಸೋಮವಾರದಿಂದ ಮಂಗಳವಾರಕ್ಕೆ ಬಂದಿತೆಂದು ಆ ಔಷಧಿಯನ್ನೂ ಜರುಗಿಸಬೇಕಿಲ್ಲ, ಅದು ಎರಡನೆಯ ಬಗೆಯದು.

ಹಾಳೆಯ ಕೆಳಗೆ ಆಸ್ಪತ್ರೆಯ ಫೋನ್ ನಂಬರ್ ದಪ್ಪಕ್ಷರದಲ್ಲಿ ಇರಲಿ. ರಕ್ತಸ್ರಾವ, ನೀರು ಒಡೆಯುವುದು, ಬಿಡದ ತಲೆನೋವಿನ ಜೊತೆ ಕಣ್ಣು ಮಂಜಾಗುವುದು, ಮಗುವಿನ ಚಲನೆ ಕಡಿಮೆಯಾಗುವುದು, ಇವಕ್ಕೆ ಪಟ್ಟಿಯ ಮುಂದಿನ ದಿನಾಂಕ ಕಾಯುವಂತಿಲ್ಲ, ಆಗಲೇ ಫೋನ್ ಮಾಡಬೇಕು.

ಅಚ್ಚು ಹಾಕುವಾಗ ಸಾಲುಗಳನ್ನು 40ಕ್ಕೆ ನಿಲ್ಲಿಸದೆ 42ರವರೆಗೆ ಬಿಡಿ. ಅಕ್ಟೋಬರ್ 20 ದಾಟಿದರೆ ಮುಂದೇನು ಎಂದು 38ರ ಭೇಟಿಯಲ್ಲಿಯೇ ಕೇಳಿ 41ರ ಸಾಲಿನಲ್ಲಿ ಬರೆದುಕೊಳ್ಳಬಹುದು. ಐರನ್ ಅಲಾರಮ್ಮಿಗೂ ಅಂದಾಜು ದಿನವನ್ನೇ ಕೊನೆಯ ದಿನವೆಂದು ಹಾಕಬೇಡಿ. ಹೆರಿಗೆಯಾದ ಮೇಲೆ ಇನ್ನೂ ಕೆಲವು ವಾರ ಐರನ್ ಮುಂದುವರಿಸಲು ಹೇಳುವುದು ಸಾಮಾನ್ಯ, ಎಷ್ಟು ದಿನ ಎಂದು ವೈದ್ಯರು ಹೇಳಿದ ಮೇಲೆ ಆ ದಿನಾಂಕ ಹಾಕಿದರಾಯಿತು.